ಲಘು ಗುರುಗಳ ಲೆಕ್ಕ

ಪದ್ಯಕ್ಕೆ ಪ್ರಸ್ತಾರ ಹಾಕುವುದನ್ನು ಕಲಿತ ವಿದ್ಯಾರ್ಥಿಗೆ ಮಾತ್ರೆಯ ಪರಿಚಯ ಇದ್ದೇ ಇರುತ್ತದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಮೂರು ಮಾತ್ರೆಯ ಗಣವನ್ನು ಎಷ್ಟು ಬಗೆಯಾಗಿ ಕಟ್ಟಬಹುದೆಂದು ಕೇಳಿದರೆ ಅವನು ಬೆರಳೆಣಿಸಿ ಮೂರು ಎನ್ನುತ್ತಾನೆ: ∪∪∪, ∪—, —∪. ನಾಲ್ಕು ಮಾತ್ರೆಯ ಗಣವಾದರೆ ಐದು ಬಗೆ: ——, ∪∪—, ∪—∪, —∪∪, ∪∪∪∪. ಐದು ಮಾತ್ರೆಯದಾದರೆ ಎಂಟು. ಇಷ್ಟರವರೆಗೆ ಬರೆದು ನೋಡಿ ಹೇಳಬಹುದು. ಆದರೆ ಕಂದಪದ್ಯದ ಎರಡನೆಯ ಸಾಲಿನಲ್ಲಿ ಇಪ್ಪತ್ತು ಮಾತ್ರೆಗಳಿವೆ. ಗಣವಿಭಾಗದ ಕಟ್ಟನ್ನು ಮರೆತು, ಇಪ್ಪತ್ತು ಮಾತ್ರೆಗಳನ್ನು ಲಘು ಗುರುಗಳಿಂದ ಎಷ್ಟು ಬಗೆಯಾಗಿ ತುಂಬಬಹುದು ಎಂದು ಕೇಳಿದರೆ, ಬರೆದು ಎಣಿಸುವವನ ಕಾಗದವೂ ತಾಳ್ಮೆಯೂ ಮುಗಿದುಹೋಗುತ್ತವೆ.

ನಮ್ಮ ಪ್ರಾಚೀನ ಛಂದಶ್ಶಾಸ್ತ್ರಜ್ಞರು ಈ ಕಷ್ಟವನ್ನು ಬಲ್ಲವರಾಗಿದ್ದರು. ಆದುದರಿಂದಲೇ ಅವರು ಪ್ರಸ್ತಾರವನ್ನು ಒಂದು ಪ್ರತ್ಯಯವೆಂದೂ, ಪ್ರಸ್ತಾರವನ್ನು ಬರೆಯದೆಯೇ ಅದರ ಸಾಲುಗಳೆಷ್ಟೆಂದು ತಿಳಿಯುವ ‘ಸಂಖ್ಯೆ’ಯನ್ನು ಮತ್ತೊಂದು ಪ್ರತ್ಯಯವೆಂದೂ ಬೇರೆಬೇರೆಯಾಗಿ ಎಣಿಸಿದರು. ಮಾತ್ರೆಗಳ ವಿಷಯದಲ್ಲಿ ಈ ಸಂಖ್ಯೆಯ ನಿಯಮವನ್ನು ಪ್ರಾಕೃತದಲ್ಲಿ ಬರೆದ ವಿರಹಾಂಕನು ತಿಳಿದಿದ್ದನು. ಅವನ ಕಾಲವನ್ನು ವಿದ್ವಾಂಸರು ಆರರಿಂದ ಎಂಟನೆಯ ಶತಮಾನದೊಳಗೆ ಇಡುತ್ತಾರೆ. ಹನ್ನೆರಡನೆಯ ಶತಮಾನದಲ್ಲಿ ಗುಜರಾತಿನ ಜೈನಾಚಾರ್ಯ ಹೇಮಚಂದ್ರನು ಅದನ್ನೇ ಸ್ಪಷ್ಟವಾಗಿ ಹೇಳಿದನು. ಇಟಲಿಯ ಫಿಬೊನಾಚಿಯು ಮೊಲಗಳ ಸಂತಾನದ ಲೆಕ್ಕದಲ್ಲಿ ಇವೇ ಸಂಖ್ಯೆಗಳನ್ನು ಬರೆದದ್ದು 1202ರಲ್ಲಿ. ಜಗತ್ತು ಇಂದು ಅವುಗಳನ್ನು ಮೊಲದ ಲೆಕ್ಕದವನ ಹೆಸರಿನಿಂದ ಕರೆಯುತ್ತದೆ, ಪದ್ಯದ ಲೆಕ್ಕದವರ ಹೆಸರಿನಿಂದಲ್ಲ!

ನಿಯಮವು ಬಹು ಸರಳವಾದುದು. n ಮಾತ್ರೆಗಳ ಯಾವುದೇ ವಿನ್ಯಾಸವನ್ನು ತೆಗೆದುಕೊಂಡರೂ ಅದರ ಕೊನೆಯ ಅಕ್ಷರ ಲಘುವಾಗಿರಬೇಕು, ಇಲ್ಲವೇ ಗುರುವಾಗಿರಬೇಕು. ಲಘುವಾದರೆ ಅದರ ಹಿಂದೆ n−1 ಮಾತ್ರೆಗಳ ವಿನ್ಯಾಸವೊಂದಿದೆ. ಗುರುವಾದರೆ n−2 ಮಾತ್ರೆಗಳದು. ಬೇರೆ ದಾರಿಯಿಲ್ಲ. ವಿನ್ಯಾಸಗಳ ಸಂಖ್ಯೆಯನ್ನು h(n) ಎಂದು ಕರೆದರೆ,

h(n) = h(n−1) + h(n−2)

ಒಂದು ಮಾತ್ರೆಗೆ ಒಂದೇ ಬಗೆ. ಸೊನ್ನೆ ಮಾತ್ರೆಗೂ ಒಂದೇ ಬಗೆ, ಏಕೆಂದರೆ ಏನನ್ನೂ ಬರೆಯದಿರುವುದಕ್ಕೆ ಇರುವುದು ಒಂದೇ ರೀತಿ. ಅಲ್ಲಿಂದ 1, 1, 2, 3, 5, 8, 13, 21 ಎಂದು ಸಾಲು ಬೆಳೆಯುತ್ತದೆ. ಹೀಗೆ ಹಿಂದಿನ ಪದಗಳಿಂದ ಮುಂದಿನ ಪದವನ್ನು ಕೊಡುವ ನಿಯಮಕ್ಕೆ ಆವರ್ತಕ ಸಂಬಂಧವೆಂದು ಹೆಸರು. ಹಿಂದಿನ ಪದಗಳನ್ನು ನಿಯತವಾದ ಅಂಕಿಗಳಿಂದ ಗುಣಿಸಿ ಕೂಡಿಸುವುದಲ್ಲದೆ ಅವುಗಳ ವರ್ಗವನ್ನಾಗಲಿ ಪರಸ್ಪರ ಗುಣಲಬ್ಧವನ್ನಾಗಲಿ ತೆಗೆದುಕೊಳ್ಳದಿದ್ದರೆ ಅದು ಸರಳ ಆವರ್ತಕ ಸಂಬಂಧ.

ಈ ನಿಯಮದಲ್ಲಿ ಒಂದು ಕೊರತೆಯಿದೆ. ಇಪ್ಪತ್ತನೆಯ ಪದ ಬೇಕಾದರೆ ಹತ್ತೊಂಬತ್ತನೆಯದೂ ಹದಿನೆಂಟನೆಯದೂ ಬೇಕು. ಮೆಟ್ಟಿಲು ಬಿಟ್ಟು ಮೆಟ್ಟಿಲಿಗೆ ಹಾರುವಂತಿಲ್ಲ. n ಎಷ್ಟೆಂದು ಹೇಳಿದೊಡನೆ h(n) ಎಷ್ಟೆಂದು ಹೇಳುವ ಸೂತ್ರವುಂಟೆ? ಉಂಟು, ಅದನ್ನು ಕಾಣುವ ಒಂದು ದಾರಿಯನ್ನು ಅಬ್ರಹಾಂ ಡಿ ಮಾಯ್ವರ್ 1730ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ತೋರಿಸಿದನು. ಆತ 1667ರಲ್ಲಿ ಫ್ರಾನ್ಸಿನಲ್ಲಿ ಹುಟ್ಟಿದ ಪ್ರಾಟೆಸ್ಟೆಂಟ್. ತನ್ನ ಮತದವರಿಗೆ ಅಲ್ಲಿ ನೆಲೆಯಿಲ್ಲದಂತಾದಾಗ ಲಂಡನ್ನಿಗೆ ಬಂದು, ಮನೆಪಾಠ ಹೇಳಿ ಜೀವನ ಸಾಗಿಸಿದವನು.

ಆ ದಾರಿಯನ್ನು ಮೊದಲು ಸುಲಭವಾದ ಉದಾಹರಣೆಯಲ್ಲಿ ನೋಡುವುದು ಒಳ್ಳೆಯದು. ಅದೂ ಛಂದಸ್ಸಿನಿಂದಲೇ ದೊರೆಯುತ್ತದೆ. ‘ಕಾಡು’ ಎಂಬಲ್ಲಿ ‘ಕಾ’ ಗುರು. ಅದರ ಸ್ವರ ದೀರ್ಘ. ‘ಕಲ್ಲು’ ಎಂಬಲ್ಲಿ ‘ಕ’ ಗುರು. ಅದರ ಸ್ವರ ಹ್ರಸ್ವವೇ ಆದರೂ ಮುಂದಿನ ಒತ್ತಕ್ಷರವು ಅದನ್ನು ಗುರುವಾಗಿಸಿದೆ. ಹೀಗೆ ಗುರುವಿನಲ್ಲಿ ದೀರ್ಘಸ್ವರದ ಗುರು, ಹ್ರಸ್ವಸ್ವರದ ಗುರು ಎಂದು ಎರಡು ಬಗೆಗಳನ್ನು ಬೇರೆಯಾಗಿ ಎಣಿಸುವುದೆಂದು ನಿಶ್ಚಯಿಸಿದರೆ ವಿನ್ಯಾಸಗಳ ಸಂಖ್ಯೆ ಹೆಚ್ಚುತ್ತದೆ. ಅದನ್ನು d(n) ಎನ್ನಲಿ. ಕೊನೆಯಲ್ಲಿ ಲಘುವಿದ್ದರೆ ಮೊದಲಿನಂತೆಯೇ d(n−1). ಗುರುವಿದ್ದರೆ ಅದು ಎರಡು ಬಗೆಯಾಗಿರಬಹುದಾದ್ದರಿಂದ 2d(n−2). ಆದ್ದರಿಂದ,

d(n) = d(n−1) + 2d(n−2)

ಸಾಲು ಹೀಗೆ ಬರುತ್ತದೆ: 1, 1, 3, 5, 11, 21, 43. ನಾಲ್ಕು ಮಾತ್ರೆಗೆ 11 ಬಂದುದನ್ನು ಬೇರೆ ರೀತಿಯಿಂದಲೂ ಒಪ್ಪಿಸಬಹುದು. ಐದು ವಿನ್ಯಾಸಗಳಲ್ಲಿ ಗುರುವೇ ಇಲ್ಲದುದು ಒಂದು, ಒಂದೊಂದು ಗುರುವುಳ್ಳ ಮೂರರಿಂದ ಆರು, ಎರಡು ಗುರುಗಳುಳ್ಳ ಒಂದರಿಂದ ನಾಲ್ಕು, ಒಟ್ಟು ಹನ್ನೊಂದು.

ಈಗ ಡಿ ಮಾಯ್ವರನ ಉಪಾಯ. ಅನಂತವಾಗಿ ಬೆಳೆಯುವ ಈ ಸಾಲಿನ ಸಂಖ್ಯೆಗಳನ್ನು ಒಂದೊಂದಾಗಿ ಹಿಡಿಯುವುದಕ್ಕೆ ಬದಲಾಗಿ ಎಲ್ಲವನ್ನೂ ಒಟ್ಟಿಗೆ ಒಂದು ದಾರದಲ್ಲಿ ಪೋಣಿಸಬೇಕು. ದಾರವೆಂದರೆ x ಎಂಬ ಅಕ್ಷರದ ಘಾತಗಳು.

D = 1 + x + 3x² + 5x³ + 11x⁴ + …

ಇಲ್ಲಿ x ಯಾವುದೋ ತಿಳಿಯದ ಸಂಖ್ಯೆಯಲ್ಲ. ಅದನ್ನು ಕಂಡುಹಿಡಿಯುವ ಉದ್ದೇಶವೂ ಇಲ್ಲ. ‘ಈ ಸಂಖ್ಯೆ ಎಷ್ಟು ಮಾತ್ರೆಗೆ ಸೇರಿದ್ದು’ ಎಂಬುದನ್ನು ನೆನಪಿಡುವ ಗುರುತು ಮಾತ್ರ ಅದು. x⁴ರ ಸಹಗುಣಕ 11 ಎಂದರೆ ನಾಲ್ಕು ಮಾತ್ರೆಗೆ ಹನ್ನೊಂದು ವಿನ್ಯಾಸ ಎಂದರ್ಥ. ಇಂಥ ಶ್ರೇಣಿಗೆ ಉತ್ಪಾದಕ ಫಲನವೆಂದು ಹೆಸರು.

Dಯನ್ನು xನಿಂದ ಗುಣಿಸಿದರೆ ಸಾಲಿನ ಪ್ರತಿಯೊಂದು ಸಂಖ್ಯೆಯೂ ಒಂದು ಸ್ಥಾನ ಮುಂದಕ್ಕೆ ಸರಿಯುತ್ತದೆ. x²ನಿಂದ ಗುಣಿಸಿದರೆ ಎರಡು ಸ್ಥಾನ. ಆವರ್ತಕ ಸಂಬಂಧವು ಹೇಳುವುದೂ ಒಂದು ಸ್ಥಾನ ಹಿಂದಿನದು, ಎರಡು ಸ್ಥಾನ ಹಿಂದಿನದು ಎಂಬ ಮಾತನ್ನೇ. ಆದುದರಿಂದ Dಯಿಂದ xD ಮತ್ತು 2x²D ಇವುಗಳನ್ನು ಕಳೆದರೆ ಏನಾಗುತ್ತದೆಂದು ನೋಡಬೇಕು.

D = 1 + x + 3x² + 5x³ + 11x⁴ + …
xD = x + x² + 3x³ + 5x⁴ + …
2x²D = 2x² + 2x³ + 6x⁴ + …

x²ರ ಕೆಳಗೆ 3 − 1 − 2 = 0. x³ರ ಕೆಳಗೆ 5 − 3 − 2 = 0. x⁴ರ ಕೆಳಗೆ 11 − 5 − 6 = 0. ಮುಂದೆಯೂ ಹೀಗೆಯೇ ಆಗಲೇಬೇಕು, ಏಕೆಂದರೆ ಸಾಲನ್ನು ಕಟ್ಟಿದ ನಿಯಮವೇ ಅದು. xನ ಕೆಳಗೂ 1 − 1 = 0. ಅನಂತವಾದ ಸಾಲೆಲ್ಲ ಅಳಿಸಿಹೋಗಿ ಉಳಿಯುವುದು ಮೊದಲಿನ 1 ಒಂದೇ. ಎಂದರೆ D(1 − x − 2x²) = 1, ಅಥವಾ

D = 1/(1 − x − 2x²)

ಕೊನೆಯಿಲ್ಲದ ಸಾಲು ಒಂದು ಚಿಕ್ಕ ಭಿನ್ನರಾಶಿಯಲ್ಲಿ ಅಡಗಿತು. ಇಲ್ಲಿ ಅವಸರಪಡುವವರು ಎಡವುವ ಒಂದು ಸ್ಥಳವಿದೆ. ಅಂಶದಲ್ಲಿ ಯಾವಾಗಲೂ 1 ಬರುತ್ತದೆಂದು ತಿಳಿಯಬಾರದು. ಸಾಲು 2, 1 ಎಂದು ಮೊದಲಾಗಿದ್ದರೆ xನ ಕೆಳಗೆ 1 − 2 ಉಳಿದು ಅಂಶವು 2 − x ಆಗುತ್ತಿತ್ತು. ಛೇದವನ್ನು ನಿಯಮವು ಕೊಡುತ್ತದೆ. ಅಂಶವನ್ನು ಆರಂಭದ ಪದಗಳು ಕೊಡುತ್ತವೆ.

ಅಡಗಿದ್ದನ್ನು ಮತ್ತೆ ಬಿಡಿಸುವ ಕೆಲಸ ಉಳಿಯಿತು. ಗುಣೋತ್ತರ ಶ್ರೇಢಿಯನ್ನು ಬಲ್ಲವರಿಗೆ 1/(1 − rx) ಎಂಬುದು 1 + rx + r²x² + r³x³ + … ಎಂದು ಬಿಚ್ಚಿಕೊಳ್ಳುತ್ತದೆಂಬುದು ಗೊತ್ತು. ಅದರಲ್ಲಿ xⁿನ ಸಹಗುಣಕ rⁿ. ಓದಿಬಿಡಬಹುದಾದ ಭಿನ್ನರಾಶಿ ಇದು. Dಯ ಛೇದದಲ್ಲಿ ವರ್ಗಪದವಿರುವುದರಿಂದ ಅದನ್ನು ಹಾಗೆ ಓದಲಾಗುವುದಿಲ್ಲ. ಆದರೆ ಅದನ್ನು ಓದಬಲ್ಲ ಭಿನ್ನರಾಶಿಗಳ ಮೊತ್ತವಾಗಿ ಒಡೆಯಬಹುದು. ಹೀಗೆ ಒಡೆದ ತುಂಡುಗಳೇ ಆಂಶಿಕ ಭಿನ್ನರಾಶಿಗಳು. ಛೇದವನ್ನು ಅಪವರ್ತಿಸಿದರೆ 1 − x − 2x² = (1 − 2x)(1 + x). ಆದ್ದರಿಂದ

1/((1 − 2x)(1 + x)) = P/(1 − 2x) + Q/(1 + x)

ಎಂದು ಬರೆದು P, Qಗಳನ್ನು ಹುಡುಕಬೇಕು. ಎರಡು ಕಡೆಯನ್ನೂ ಛೇದದಿಂದ ಗುಣಿಸಿದರೆ 1 = P(1 + x) + Q(1 − 2x). ಈ ಸಮತೆಯು xನ ಯಾವ ಬೆಲೆಗಾದರೂ ನಿಲ್ಲಬೇಕು. x = −1 ಎಂದಿಟ್ಟರೆ P ಇರುವ ಪದ ಮಾಯವಾಗಿ Q = 1/3 ಎಂದು ದೊರೆಯುತ್ತದೆ. x = 1/2 ಎಂದಿಟ್ಟರೆ Q ಇರುವ ಪದ ಮಾಯವಾಗಿ P = 2/3. ‘x ಸಂಖ್ಯೆಯಲ್ಲ, ಗುರುತು ಮಾತ್ರ ಎಂದು ಹೇಳಿ ಈಗ ಅದಕ್ಕೆ ಬೆಲೆ ಕೊಡುವುದು ನ್ಯಾಯವೇ?’ ಎಂದು ಚುರುಕಾದ ವಿದ್ಯಾರ್ಥಿ ಕೇಳಿಯಾನು. ಕೇಳತಕ್ಕ ಪ್ರಶ್ನೆಯೇ ಸರಿ. ಬೆಲೆ ಕೊಟ್ಟದ್ದು ಅನಂತ ಶ್ರೇಣಿಗಲ್ಲ; 1 = P(1 + x) + Q(1 − 2x) ಎಂಬ ಮುಗಿದುಹೋದ ಚಿಕ್ಕ ಸಮತೆಗೆ. ಅಲ್ಲಿ ಬೆಲೆ ಕೊಡಲು ಯಾವ ಅಡ್ಡಿಯೂ ಇಲ್ಲ.

1/(1 − 2x)ನಲ್ಲಿ xⁿನ ಸಹಗುಣಕ 2ⁿ. 1/(1 + x)ನಲ್ಲಿ ಅದು (−1)ⁿ. ಹೀಗಾಗಿ

d(n) = (2/3)·2ⁿ + (1/3)·(−1)ⁿ = (2ⁿ⁺¹ + (−1)ⁿ)/3

n = 4 ಎಂದಿಟ್ಟರೆ (32 + 1)/3 = 11; ಮೊದಲು ಎಣಿಸಿದ ಉತ್ತರವೇ ಬಂದಿತು. ಇಪ್ಪತ್ತು ಮಾತ್ರೆಗೆ (2097152 + 1)/3 = 699051. ನಡುವಿನ ಯಾವ ಮೆಟ್ಟಿಲನ್ನೂ ಮುಟ್ಟಲಿಲ್ಲ.

ಈಗ ವಿರಹಾಂಕ, ಹೇಮಚಂದ್ರರ ಸಾಲಿಗೆ ಮರಳಬಹುದು. ಅದೇ ರೀತಿಯಲ್ಲಿ ಕಳೆದರೆ H = 1/(1 − x − x²). ಆದರೆ ಈ ಛೇದವನ್ನು ಪೂರ್ಣಾಂಕಗಳಿಂದ ಅಪವರ್ತಿಸಲು ಬರುವುದಿಲ್ಲ. ಅದನ್ನು (1 − αx)(1 − βx) ಎಂದು ಬರೆದುಕೊಂಡರೆ α + β = 1, αβ = −1 ಆಗಬೇಕು; ಎಂದರೆ α, β ಇವೆರಡೂ t² − t − 1 = 0 ಎಂಬ ವರ್ಗ ಸಮೀಕರಣದ ಮೂಲಗಳು. ಆದ್ದರಿಂದ α = (1 + √5)/2, ಸುಮಾರು 1.618; β = (1 − √5)/2, ಸುಮಾರು −0.618.

ಇಲ್ಲಿ ಒಂದು ತಪ್ಪು ಅನೇಕರಿಂದ ಆಗುತ್ತದೆ. ಛೇದವನ್ನೇ ಸೊನ್ನೆಗೆ ಸಮಮಾಡಿ, 1 − x − x² = 0 ಎಂಬುದರ ಮೂಲಗಳನ್ನು ತೆಗೆದು, ಅವುಗಳ ಘಾತಗಳನ್ನೇ ಉತ್ತರವೆಂದು ಬರೆಯುತ್ತಾರೆ. ಆ ಮೂಲಗಳು 0.618 ಮತ್ತು −1.618, αβಗಳ ವ್ಯುತ್ಕ್ರಮಗಳು. ತಪ್ಪಾಗಿದೆಯೆಂದು ಉತ್ತರವೇ ಕೂಗಿ ಹೇಳುತ್ತದೆ: 0.618ರ ಘಾತಗಳು ಕುಗ್ಗುತ್ತ ಹೋಗುತ್ತವೆ, −1.618ರ ಘಾತಗಳು ಒಮ್ಮೆ ಧನ ಒಮ್ಮೆ ಋಣವಾಗಿ ಹಿಗ್ಗುತ್ತವೆ. ವಿನ್ಯಾಸಗಳ ಎಣಿಕೆ ಋಣವಾಗುವುದುಂಟೆ?

ಸರಿಯಾದ α, βಗಳನ್ನಿಟ್ಟು ಹಿಂದಿನಂತೆಯೇ ಒಡೆದರೆ P = α/√5, Q = −β/√5 ಎಂದು ಬರುತ್ತವೆ. ಆದ್ದರಿಂದ

h(n) = (αⁿ⁺¹ − βⁿ⁺¹)/√5

n = 0 ಆದಾಗ ಅಂಶವು α − β, ಎಂದರೆ √5; ಉತ್ತರ 1. n = 1 ಆದಾಗ α² − β² ಎಂಬುದನ್ನು α − βಯಿಂದ ಭಾಗಿಸಿದರೆ α + β ಉಳಿದು ಉತ್ತರ 1. ಆರಂಭದ ಎರಡು ಪದಗಳು ಹೊಂದಿದರೆ, ನಿಯಮವೂ ಛೇದದಲ್ಲಿಯೇ ಅಡಗಿರುವುದರಿಂದ, ಉಳಿದವು ತಾವಾಗಿ ಹೊಂದುತ್ತವೆ. ಈ ಸೂತ್ರಕ್ಕೆ ಫ್ರಾನ್ಸಿನ ಬಿನೆ ಎಂಬುವನ ಹೆಸರು ಅಂಟಿಕೊಂಡಿದೆ. ಅವನು ಅದನ್ನು ಪ್ರಕಟಿಸಿದ್ದು 1843ರಲ್ಲಿ. ಡಿ ಮಾಯ್ವರನಿಗೆ ಅದು ಅದಕ್ಕೆ ನೂರು ವರ್ಷಗಳಿಗೂ ಹಿಂದೆಯೇ ಗೊತ್ತಿತ್ತು. ಈ ಸಂಖ್ಯೆಗಳಿಗೆ ಹೆಸರಿಡುವಾಗ ಎರಡು ಸಲವೂ ಮೊದಲು ಬಂದವರನ್ನು ಮರೆತದ್ದು ವಿಚಿತ್ರವೇ ಸರಿ.

ಲಘು ಗುರುಗಳನ್ನು ಎಣಿಸುವ ಲೆಕ್ಕದಲ್ಲಿ √5 ಎಲ್ಲಿಂದ ಬಂತು ಎಂದು ಯಾರಿಗಾದರೂ ಅಚ್ಚರಿಯಾಗುತ್ತದೆ. ಪ್ರತಿ nಗೂ ಅದು ಬಂದಂತೆಯೇ ಕರಗಿಹೋಗಿ ಪೂರ್ಣಾಂಕವೇ ಉಳಿಯುತ್ತದೆ. ಜೊತೆಗೆ ಇನ್ನೊಂದು ಅನುಕೂಲವಿದೆ. βಯ ಪ್ರಮಾಣ ಒಂದಕ್ಕಿಂತ ಕಡಿಮೆಯಾದ್ದರಿಂದ ಅದರ ಘಾತಗಳು ಬೇಗಬೇಗನೆ ಸೊನ್ನೆಯತ್ತ ಸರಿಯುತ್ತವೆ. ಆದುದರಿಂದ αⁿ⁺¹/√5 ಎಂಬುದನ್ನು ಮಾತ್ರ ಲೆಕ್ಕ ಹಾಕಿ ಅದಕ್ಕೆ ಅತ್ಯಂತ ಹತ್ತಿರದ ಪೂರ್ಣಾಂಕವನ್ನು ತೆಗೆದುಕೊಂಡರೆ ಸಾಕು. n = 20 ಆದಾಗ ಅದು 10945.99998 ಆಗುತ್ತದೆ. ವಿನ್ಯಾಸಗಳು 10946.

ಆದರೆ αಗೆ 1.618, √5ಕ್ಕೆ 2.236 ಎಂದು ಮೊಟಕು ಮಾಡಿದ ಬೆಲೆಗಳನ್ನಿಟ್ಟು ಇದೇ ಲೆಕ್ಕವನ್ನು ಮಾಡಿದವನಿಗೆ 10941ಕ್ಕೂ 10942ಕ್ಕೂ ನಡುವಣ ಉತ್ತರ ಬರುತ್ತದೆ. ಒಂದರಲ್ಲಿ ಕಾಣದಷ್ಟು ಸಣ್ಣದಾಗಿದ್ದ ಕೊರತೆ ಇಪ್ಪತ್ತೊಂದು ಸಲ ಗುಣಿಸುವಷ್ಟರಲ್ಲಿ ನಾಲ್ಕಕ್ಕೂ ಮೀರಿತು. ನಿಖರವಾದ ಸಂಖ್ಯೆಯೇ ಬೇಕಾದಾಗ, αಯ ಬೆಲೆಯನ್ನು ಸಾಕಷ್ಟು ದಶಮಾಂಶ ಸ್ಥಾನಗಳವರೆಗೆ ಹಿಡಿಯದಿದ್ದರೆ, ಹಳೆಯವರಂತೆ ಕೂಡುತ್ತ ಹೋಗುವುದೇ ಲೇಸು. ಅದರಲ್ಲಿ ತಪ್ಪು ನುಸುಳಲು ಜಾಗವಿಲ್ಲ. ಸೂತ್ರವು ಹೇಳುವುದು ಬೇರೊಂದನ್ನು: ಮಾತ್ರೆ ಒಂದು ಹೆಚ್ಚಿದಾಗಲೆಲ್ಲ ವಿನ್ಯಾಸಗಳು ಸುಮಾರು 1.618 ಪಟ್ಟಾಗುತ್ತವೆ ಎಂಬುದನ್ನು. ಕೂಡಿಕೆಯ ನಿಯಮವನ್ನು ಎಷ್ಟು ಹೊತ್ತು ನೋಡಿದರೂ ಈ ಮಾತು ನೇರವಾಗಿ ಕಣ್ಣಿಗೆ ಬೀಳುವುದಿಲ್ಲ. ಕಂದದ ಸಾಲಿನಲ್ಲಿ ಇಷ್ಟೂ ವಿನ್ಯಾಸಗಳಿಗೆ ಎಡೆಯಿಲ್ಲವೆಂಬುದನ್ನೂ ನೆನಪಿಡಬೇಕು. ಅಲ್ಲಿ ಗುರುವು ಗಣದ ಗೆರೆಯನ್ನು ದಾಟುವಂತಿಲ್ಲ. ನಾಲ್ಕು ಮಾತ್ರೆಯ ಐದು ಗಣಗಳು, ಒಂದೊಂದಕ್ಕೂ ಐದು ಬಗೆ ಎಂದು ಗುಣಿಸಿದರೆ 3125. ಮಧ್ಯದಲ್ಲಿ ಗುರುವುಳ್ಳ ಗಣ ಎಲ್ಲಿ ಬರಬಾರದು, ಎಲ್ಲಿ ಬರಬೇಕು ಎಂಬ ನಿಯಮಗಳು ಅದನ್ನೂ ತಗ್ಗಿಸುತ್ತವೆ.

ಛೇದದ ಅಪವರ್ತನಗಳು ಬೇರೆಬೇರೆಯಾಗಿದ್ದರೆ ಮೇಲಿನ ರೀತಿ ಸಾಕು. ಒಂದೇ ಅಪವರ್ತನ ಎರಡು ಸಲ ಬಂದಾಗ ತೊಡಕುಂಟಾಗುತ್ತದೆ. ಅದಕ್ಕೆ ಅಕ್ಷರವೃತ್ತಗಳಲ್ಲಿ ಉದಾಹರಣೆಯಿದೆ. ಅಲ್ಲಿ ಎಣಿಸುವುದು ಮಾತ್ರೆಗಳನ್ನಲ್ಲ, ಅಕ್ಷರಗಳನ್ನು. n ಅಕ್ಷರಗಳಿಗೆ 2ⁿ ವಿನ್ಯಾಸಗಳು. ಮೂರಕ್ಷರಕ್ಕೆ ಎಂಟು ಗಣಗಳೆಂಬುದು ಎಲ್ಲರೂ ಬಲ್ಲದ್ದೇ. ಈ ವಿನ್ಯಾಸಗಳನ್ನೆಲ್ಲ ಬರೆದಾಗ ಅವುಗಳಲ್ಲಿ ಒಟ್ಟು ಎಷ್ಟು ಗುರುಗಳಿರುತ್ತವೆ? ಅದನ್ನು g(n) ಎನ್ನಲಿ. ಹಿಂದಿನ ಪ್ರತಿಯೊಂದು ವಿನ್ಯಾಸವನ್ನೂ ಒಮ್ಮೆ ಲಘುವಿನಿಂದ, ಒಮ್ಮೆ ಗುರುವಿನಿಂದ ಬೆಳೆಸಿದಾಗ ಹಳೆಯ ಗುರುಗಳು ಇಮ್ಮಡಿಯಾಗುತ್ತವೆ. ಹೊಸ ಗುರುಗಳು 2ⁿ⁻¹ ಸೇರುತ್ತವೆ. ಸಾಲು 0, 1, 4, 12, 32 ಎಂದು ಬರುತ್ತದೆ. ಇದು g(n) = 4g(n−1) − 4g(n−2) ಎಂಬ ನಿಯಮಕ್ಕೂ ಒಳಪಟ್ಟಿದೆ. ಮೊದಲಿನಂತೆ ಕಳೆದರೆ,

G = x/(1 − 4x + 4x²) = x/(1 − 2x)²

ಇದನ್ನು P/(1 − 2x) + Q/(1 − 2x) ಎಂದು ಒಡೆಯಲು ಹೊರಟವನಿಗೆ ಎರಡು ತುಂಡುಗಳೂ ಒಂದಾಗಿ ಕೂಡಿಕೊಂಡು, ಯಾವುದೋ ಒಂದು ಸಂಖ್ಯೆ ಗುಣಿಸು 2ⁿ ಎಂಬ ಉತ್ತರ ಮಾತ್ರ ಉಳಿಯುತ್ತದೆ. g(0) = 0 ಆಗಬೇಕಾದರೆ ಆ ಸಂಖ್ಯೆ ಸೊನ್ನೆಯಾಗಬೇಕು; ಆಗ g(1) = 1 ಆಗುವ ಬಗೆಯಿಲ್ಲ. ಮೊದಲ ಎರಡು ಪದಗಳನ್ನಿಟ್ಟು ಪರೀಕ್ಷಿಸಿದ ಕ್ಷಣವೇ ಬಿರುಕು ಕಾಣುತ್ತದೆ. ಎರಡನೆಯ ತುಂಡಿನ ಛೇದದಲ್ಲಿ ವರ್ಗವನ್ನು ಉಳಿಸಿಕೊಳ್ಳಬೇಕು:

x/(1 − 2x)² = P/(1 − 2x) + Q/(1 − 2x)²

ಛೇದದಿಂದ ಗುಣಿಸಿದರೆ x = P(1 − 2x) + Q. xನ ಸಹಗುಣಕಗಳನ್ನು ಹೋಲಿಸಿದಾಗ P = −1/2; x ಇಲ್ಲದ ಪದಗಳನ್ನು ಹೋಲಿಸಿದಾಗ Q = 1/2. ಇನ್ನು 1/(1 − 2x)² ಎಂಬುದನ್ನು ಓದುವುದು ಹೇಗೆ? 1 + 2x + 4x² + … ಎಂಬ ಶ್ರೇಣಿಯನ್ನು ಅದರಿಂದಲೇ ಗುಣಿಸಬೇಕು. ಮೊದಲನೆಯದರಿಂದ xನ ಒಂದು ಘಾತ, ಎರಡನೆಯದರಿಂದ ಉಳಿದ ಘಾತ ಎಂದು ಆರಿಸಿಕೊಂಡು xⁿ ಅನ್ನು ಕೂಡಿಸಲು n+1 ದಾರಿಗಳಿವೆ. ಪ್ರತಿಯೊಂದು ದಾರಿಯಿಂದಲೂ ಬರುವುದು 2ⁿ. ಆದ್ದರಿಂದ ಸಹಗುಣಕ (n+1)2ⁿ. ಎರಡು ತುಂಡುಗಳನ್ನೂ ಸೇರಿಸಿದರೆ

g(n) = −(1/2)·2ⁿ + (1/2)(n+1)·2ⁿ = n·2ⁿ⁻¹

ಮೂರಕ್ಷರದ ಎಂಟು ಗಣಗಳಿಗೆ ಇದು 3 × 4 = 12 ಗುರುಗಳನ್ನು ಕೊಡುತ್ತದೆ. ಎಂಟು ಗಣಗಳಲ್ಲಿ ಒಟ್ಟು ಇಪ್ಪತ್ತನಾಲ್ಕು ಅಕ್ಷರಗಳು. ಮಗಣಕ್ಕೆ ನಗಣ, ಯಗಣಕ್ಕೆ ಭಗಣ, ರಗಣಕ್ಕೆ ಜಗಣ, ತಗಣಕ್ಕೆ ಸಗಣ ಎಂದು ಪ್ರತಿಯೊಂದಕ್ಕೂ ಲಘು ಗುರುಗಳು ಅದಲುಬದಲಾದ ಜೊತೆಗಣವಿದೆ. ಆದುದರಿಂದ ಅಕ್ಷರಗಳಲ್ಲಿ ಸರಿಯಾಗಿ ಅರ್ಧ ಗುರುಗಳಾಗಿರಲೇಬೇಕು.